ಸಂತಾನ ಚಿಕಿತ್ಸೆಯ ಔಷಧಿಗಳು ಮತ್ತು ಅಂಡಾಶಯದ ಕ್ಯಾನ್ಸರ್: ಯಾವ ದಾರಿಯಲ್ಲಿ ಎಷ್ಟು ಭಯ ಪಡಬೇಕು?

ಅಂಡಾಣು ಬೆಳೆದು ಹೊರಬರಲೆಂದು ಕೊಡುವ ಕ್ಲೋಮಿಫೀನ್ ಮಾತ್ರೆಯ ಪೆಟ್ಟಿಗೆಯೊಳಗೆ ಮಡಚಿಟ್ಟಿರುವ ಮಾಹಿತಿ ಚೀಟಿಯನ್ನು ಬಿಡಿಸಿ ಓದುವವರ ಕಣ್ಣು ಸಾಮಾನ್ಯವಾಗಿ ಒಂದು ಸಾಲಿನ ಮೇಲೆ ನಿಂತುಬಿಡುತ್ತದೆ. ಸಂತಾನ ಚಿಕಿತ್ಸೆಯ ಔಷಧಿ ಪಡೆದವರಲ್ಲಿ ಅಪರೂಪಕ್ಕೆ ಅಂಡಾಶಯದ ಕ್ಯಾನ್ಸರ್ ಕಂಡುಬಂದಿದೆ, ದೀರ್ಘಕಾಲದ ಬಳಕೆಯಿಂದ ಅಪಾಯ ಹೆಚ್ಚಬಹುದು ಎನ್ನುವ ಅರ್ಥದ ಸಾಲು ಅದು. ಸಂತಾನಹೀನತೆಯೇ ಈ ಕ್ಯಾನ್ಸರಿಗೆ ಒಂದು ಕಾರಣಾಂಶ ಎಂಬ ಮಾತೂ ಅದರ ಪಕ್ಕದಲ್ಲಿಯೇ ಇರುತ್ತದೆ, ಆದರೆ ಭಯಗೊಂಡವರು ಅದನ್ನು ಓದುವುದು ಕಡಿಮೆ. ಮಾತ್ರೆ ಮುಂದುವರಿಸಬೇಕೇ, ಬೇರೆ ಔಷಧಿಗೆ ಬದಲಾಯಿಸಬೇಕೇ, ಅಂಡಾಣುವನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ಭ್ರೂಣ ಮಾಡುವ ಐವಿಎಫ್‌ಗೆ ನೇರವಾಗಿ ಹೋಗಬೇಕೇ, ಅಥವಾ ಔಷಧಿಯೇ ಬೇಡವೆಂದು ಬಿಟ್ಟುಬಿಡಬೇಕೇ ಎಂಬ ಗೊಂದಲ ಅಲ್ಲಿಂದ ಆರಂಭವಾಗುತ್ತದೆ. ಈ ಬರಹ ಆ ನಾಲ್ಕೈದು ದಾರಿಗಳನ್ನು ಕ್ಯಾನ್ಸರಿನ ಪ್ರಶ್ನೆಯೊಂದನ್ನೇ ಮುಂದಿಟ್ಟುಕೊಂಡು ತೂಗುತ್ತದೆ.

ತೂಗುವ ಮೊದಲು ಅಳತೆಗೋಲು

ಪ್ರತಿಯೊಂದು ದಾರಿಯ ಬಗ್ಗೆಯೂ ನಾಲ್ಕು ಸಂಗತಿಗಳನ್ನು ಕೇಳಬೇಕು. ಅದರಿಂದ ಹರಡುವ ಸ್ವಭಾವದ ಕ್ಯಾನ್ಸರ್ ಹೆಚ್ಚುತ್ತದೆ ಎಂಬುದಕ್ಕೆ ದೀರ್ಘಕಾಲದ ಪುರಾವೆ ಇದೆಯೇ ಎಂಬುದು ಮೊದಲನೆಯದು. ಬಾರ್ಡರ್‌ಲೈನ್ ಎಂದು ಕರೆಯುವ, ಅರೆ ಕ್ಯಾನ್ಸರ್ ಸ್ವಭಾವದ ಗಡ್ಡೆಗಳ ಬಗ್ಗೆ ಏನು ಗೊತ್ತಿದೆ ಎಂಬುದು ಎರಡನೆಯದು. ಗರ್ಭ ನಿಲ್ಲುವಷ್ಟರಲ್ಲಿ ಒಟ್ಟು ಎಷ್ಟು ಸೈಕಲ್‌ಗಳ, ಅಂದರೆ ಎಷ್ಟು ಮುಟ್ಟಿನ ಚಕ್ರಗಳ, ಔಷಧಿ ದೇಹಕ್ಕೆ ಸೇರಬಹುದು ಎಂಬುದು ಮೂರನೆಯದು. ಕ್ಯಾನ್ಸರಿಗಿಂತ ಹೆಚ್ಚು ಸಂಭವನೀಯವಾದ ಬೇರೆ ತೊಂದರೆ ಆ ದಾರಿಯಲ್ಲಿ ಯಾವುದಿದೆ ಎಂಬುದು ಕೊನೆಯದು. ಇವೆಲ್ಲದರ ಹಿಂದೆ ಇನ್ನೊಂದು ಸಂಗತಿಯಿದೆ. ಔಷಧಿ ಮುಟ್ಟುವ ಮೊದಲೇ ಆ ಮಹಿಳೆಗೆ ಇರುವ ಸ್ವಂತ ಅಪಾಯ ಎಷ್ಟು ಎಂಬುದನ್ನು ಬಿಟ್ಟು ಲೆಕ್ಕ ಹಾಕಿದರೆ ಉಳಿದ ಉತ್ತರಗಳೆಲ್ಲ ತಪ್ಪಾಗುತ್ತವೆ, ಏಕೆಂದರೆ ಈ ಇಡೀ ಭಯ ಹುಟ್ಟಿದ್ದೇ ಅಂಥದೊಂದು ತಪ್ಪು ಹೋಲಿಕೆಯಿಂದ.

ಭಯ ಎಲ್ಲಿಂದ ಬಂತು

ಪ್ರತಿ ತಿಂಗಳೂ ಅಂಡಾಣು ಹೊರಬರುವಾಗ ಅಂಡಾಶಯದ ಮೇಲ್ಪದರ ಹರಿದು ಮತ್ತೆ ಕೂಡಿಕೊಳ್ಳುತ್ತದೆ. ಹೀಗೆ ಮತ್ತೆ ಮತ್ತೆ ಹರಿದು ಕೂಡುವುದರಿಂದ ಕ್ಯಾನ್ಸರ್ ಹುಟ್ಟಬಹುದು ಎಂಬ ಊಹೆಯನ್ನು 1971ರಲ್ಲಿ ಫತಲ್ಲಾ ಎಂಬ ವೈದ್ಯರು ಮುಂದಿಟ್ಟರು. ಬಸಿರು, ಎದೆಹಾಲೂಡಿಸುವಿಕೆ ಮತ್ತು ಗರ್ಭನಿರೋಧಕ ಮಾತ್ರೆ ಅಂಡೋತ್ಪತ್ತಿಯನ್ನು ತಡೆಯುತ್ತವೆ, ಅವು ಈ ಕ್ಯಾನ್ಸರಿನ ಅಪಾಯವನ್ನೂ ತಗ್ಗಿಸುತ್ತವೆ. ಹಾಗಾಗಿ ಊಹೆಗೆ ಬಲ ಬಂತು. ಒಂದು ಅಂಡಾಣುವಿನ ಜಾಗದಲ್ಲಿ ಹತ್ತನ್ನು ಬೆಳೆಸುವ ಔಷಧಿ ಅಪಾಯಕಾರಿ ಆಗಿರಲೇಬೇಕು ಎಂಬ ತರ್ಕ ಅದರಿಂದ ಸುಲಭವಾಗಿ ಹೊರಟಿತು.

1992ರಲ್ಲಿ ಅಮೆರಿಕದ 12 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಈ ತರ್ಕಕ್ಕೆ ಅಂಕಿ ಒದಗಿಸಿತು. ಸಂತಾನ ಔಷಧಿ ಪಡೆದವರಲ್ಲಿ ಅಂಡಾಶಯದ ಕ್ಯಾನ್ಸರ್ 2.8 ಪಟ್ಟು, ಒಮ್ಮೆಯೂ ಬಸಿರಾಗದವರಲ್ಲಿ 27 ಪಟ್ಟು ಎಂದು ಅದು ಹೇಳಿತು. ಕೇಳಿದರೆ ಎದೆ ನಡುಗುವ ಅಂಕಿ ಇದು. ಆದರೆ ಆ 27ರ ನಿಜವಾದ ಬೆಲೆ 2ರಿಂದ 300ರವರೆಗೆ ಎಲ್ಲಿ ಬೇಕಾದರೂ ಇರಬಹುದಿತ್ತು. ಲೆಕ್ಕಕ್ಕೆ ಸಿಕ್ಕಿದ ಮಹಿಳೆಯರ ಸಂಖ್ಯೆ ಅಷ್ಟು ಸಣ್ಣದಾಗಿತ್ತು. ಅದಕ್ಕಿಂತ ದೊಡ್ಡ ದೋಷವೆಂದರೆ, ಔಷಧಿ ಪಡೆದ ಸಂತಾನಹೀನ ಮಹಿಳೆಯರನ್ನು ಸಂತಾನಹೀನತೆಯೇ ಇಲ್ಲದ ಮಹಿಳೆಯರ ಜೊತೆ ಹೋಲಿಸಲಾಗಿತ್ತು. ಆಸ್ಪತ್ರೆಗೆ ಹೋದವರಲ್ಲಿ ಹೋಗದವರಿಗಿಂತ ಕಾಯಿಲೆ ಹೆಚ್ಚು, ಆದ್ದರಿಂದ ಕಾಯಿಲೆಗೆ ಆಸ್ಪತ್ರೆಯೇ ಕಾರಣ ಎಂದ ಹಾಗೆ ಇದು.

1994ರಲ್ಲಿ ಅಮೆರಿಕದ ಸಿಯಾಟಲ್ ಪ್ರದೇಶದ 3,837 ಮಹಿಳೆಯರ ಅಧ್ಯಯನ ಬಂತು. ಅದರಲ್ಲಿ ಕಂಡ ಅಂಡಾಶಯದ ಗಡ್ಡೆಗಳು ಕೇವಲ 11, ಅವುಗಳಲ್ಲಿ ಬಾರ್ಡರ್‌ಲೈನ್ ಗಡ್ಡೆಗಳೂ ಸೇರಿದ್ದವು. ಕ್ಲೋಮಿಫೀನ್ ಅನ್ನು 12 ಅಥವಾ ಹೆಚ್ಚು ಸೈಕಲ್ ತೆಗೆದುಕೊಂಡವರಲ್ಲಿ ಮಾತ್ರ ಅಪಾಯ ಹೆಚ್ಚಿತ್ತು; ಅದಕ್ಕಿಂತ ಕಡಿಮೆ ತೆಗೆದುಕೊಂಡವರಲ್ಲಿ ಏರಿಕೆ ಕಾಣಲಿಲ್ಲ. ಬ್ರಿಟನ್ನಿನ ಔಷಧ ಸೂಚಿಯಲ್ಲಿ ಕ್ಲೋಮಿಫೀನ್ ಅನ್ನು ಸಾಮಾನ್ಯವಾಗಿ ಆರು ಸೈಕಲ್‌ಗಿಂತ ಹೆಚ್ಚು ಬಳಸಬಾರದು ಎಂದಿರುವುದು ಈ ಶಂಕೆಯ ಕಾರಣದಿಂದಲೇ. ಆರು ಸೈಕಲ್ ಮುಗಿದ ಮೇಲೆ ಆ ಮಾತ್ರೆಯಿಂದ ಗರ್ಭ ನಿಲ್ಲುವ ಸಂಭವ ಹೇಗೂ ತೀರ ಕಡಿಮೆ, ಆದ್ದರಿಂದ ಈ ಮಿತಿಯನ್ನು ಪಾಲಿಸುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ.

ಸರಿಯಾದ ಹೋಲಿಕೆ ಏನು ಹೇಳುತ್ತದೆ

ಸಂತಾನಹೀನತೆ ಇದ್ದೂ ಔಷಧಿ ಪಡೆಯದ ಮಹಿಳೆಯರ ಜೊತೆ ಹೋಲಿಸಿದಾಗ ಚಿತ್ರ ಬದಲಾಗುತ್ತದೆ. ಡೆನ್ಮಾರ್ಕಿನ 54,362 ಮಹಿಳೆಯರ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಕ್ಲೋಮಿಫೀನ್, ಅಂಡಾಣುಗಳನ್ನು ಬೆಳೆಸುವ ಗೊನಾಡೋಟ್ರೋಪಿನ್ ಚುಚ್ಚುಮದ್ದು, ಅಂಡಾಣು ಬಿಡುಗಡೆಗೆ ಕೊಡುವ ಎಚ್‌ಸಿಜಿ ಚುಚ್ಚುಮದ್ದು, ಇವುಗಳಲ್ಲಿ ಯಾವುದೂ ಒಟ್ಟಾರೆಯಾಗಿ ಅಂಡಾಶಯದ ಕ್ಯಾನ್ಸರನ್ನು ನಂಬುವಂತೆ ಹೆಚ್ಚಿಸಿದ್ದು ಕಾಣಲಿಲ್ಲ. ಸೈಕಲ್‌ಗಳ ಸಂಖ್ಯೆ ಹೆಚ್ಚಿದಂತೆ ಅಪಾಯ ಏರಿದ್ದೂ ಕಾಣಲಿಲ್ಲ.

ನೆದರ್ಲೆಂಡ್ಸ್‌ನ ಅಧ್ಯಯನ ಇದಕ್ಕಿಂತ ದೀರ್ಘ. ಐವಿಎಫ್‌ಗಾಗಿ ಅಂಡಾಶಯ ಪ್ರಚೋದನೆ ಪಡೆದ 30,625 ಮಹಿಳೆಯರನ್ನೂ, ಅಂಥ ಚಿಕಿತ್ಸೆ ಪಡೆಯದ 9,988 ಸಂತಾನಹೀನ ಮಹಿಳೆಯರನ್ನೂ ಸುಮಾರು 24 ವರ್ಷ ಹಿಂಬಾಲಿಸಿದ ಈ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಸಾಮಾನ್ಯ ಜನಸಂಖ್ಯೆಯೊಂದಿಗೆ ಹೋಲಿಸಿದರೆ ಚಿಕಿತ್ಸೆ ಪಡೆದವರಲ್ಲಿ ಹರಡುವ ಕ್ಯಾನ್ಸರ್ 1.43 ಪಟ್ಟು ಇತ್ತು. ಚಿಕಿತ್ಸೆ ಪಡೆಯದ ಸಂತಾನಹೀನ ಮಹಿಳೆಯರೊಂದಿಗೆ ಹೋಲಿಸಿದರೆ 1.02 ಪಟ್ಟು, ಅಂದರೆ ವ್ಯತ್ಯಾಸವೇ ಇಲ್ಲ. ಅಪಾಯ ತಗ್ಗಿದ್ದು ಹೆಚ್ಚು ಮಕ್ಕಳನ್ನು ಹೆತ್ತವರಲ್ಲಿ. ಹೆಚ್ಚು ಸೈಕಲ್ ಪಡೆದವರಲ್ಲಿ ಅದು ಏರಲಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಒಪ್ಪಿಸಿದ ಪುರಾವೆ ಬ್ರಿಟನ್ನಿನದು. 1991ರಿಂದ 2010ರ ನಡುವೆ ಐವಿಎಫ್ ಮಾದರಿಯ ಚಿಕಿತ್ಸೆ ಪಡೆದ 2,55,786 ಮಹಿಳೆಯರ ದಾಖಲೆಗಳನ್ನು ಕ್ಯಾನ್ಸರ್ ನೋಂದಣಿಯೊಂದಿಗೆ ಜೋಡಿಸಿ ನೋಡಿದ ಅಧ್ಯಯನವದು, ಪ್ರಕಟವಾದದ್ದು 2018ರಲ್ಲಿ. ಸುಮಾರು 292 ಅಂಡಾಶಯದ ಗಡ್ಡೆಗಳು ನಿರೀಕ್ಷಿತವಾಗಿದ್ದ ಕಡೆ 405 ಕಂಡವು. ಮೇಲ್ನೋಟಕ್ಕೆ ಔಷಧಿಯೇ ಅಪರಾಧಿ. ಆದರೆ ಇದೇ ಮಹಿಳೆಯರನ್ನು ಸಂತಾನಹೀನತೆಯ ಕಾರಣದ ಪ್ರಕಾರ ವಿಂಗಡಿಸಿದಾಗ, ಗಂಡನ ವೀರ್ಯದ ತೊಂದರೆಯೊಂದೇ ಕಾರಣವಾಗಿದ್ದವರಲ್ಲಿ ಮತ್ತು ಕಾರಣವೇ ತಿಳಿಯದವರಲ್ಲಿ ಏರಿಕೆ ಇರಲಿಲ್ಲ. ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಕಾಯಿಲೆ ಇದ್ದವರಲ್ಲಿ, ಮಕ್ಕಳನ್ನು ಹೆರದವರಲ್ಲಿ ಅಥವಾ ಕಡಿಮೆ ಹೆತ್ತವರಲ್ಲಿ ಏರಿಕೆ ಇತ್ತು.

ಇದರ ಅರ್ಥವನ್ನು ನಿಧಾನವಾಗಿ ನೋಡೋಣ. ಗಂಡನ ವೀರ್ಯಾಣು ಕಡಿಮೆ ಎಂಬ ಕಾರಣಕ್ಕೆ ಐವಿಎಫ್‌ಗೆ ಬಂದ ಮಹಿಳೆಯ ಅಂಡಾಶಯ ಸಾಮಾನ್ಯವಾಗಿ ಆರೋಗ್ಯವಾಗಿರುತ್ತದೆ. ಆಕೆಯೂ ಅದೇ ಬಗೆಯ ಚುಚ್ಚುಮದ್ದುಗಳನ್ನು ಹತ್ತು ಹನ್ನೆರಡು ದಿನ ಹಾಕಿಸಿಕೊಳ್ಳುತ್ತಾಳೆ, ಆಕೆಯ ಅಂಡಾಶಯಕ್ಕೂ ಸೂಜಿ ಚುಚ್ಚಿ ಅಂಡಾಣು ಹೊರತೆಗೆಯುತ್ತಾರೆ. ಔಷಧಿಯೇ ಕ್ಯಾನ್ಸರ್ ತರುವುದಾಗಿದ್ದರೆ ಆಕೆಗೂ ಬರಬೇಕಿತ್ತು. ಹಾಗಾಗದೆ, ಎಂಡೊಮೆಟ್ರಿಯೋಸಿಸ್ ಇದ್ದವಳಲ್ಲಿ ಹೆಚ್ಚಾಗಿದೆ ಎಂದರೆ ಬೆರಳು ಎಂಡೊಮೆಟ್ರಿಯೋಸಿಸ್ ಕಡೆಗೆ ತಿರುಗುತ್ತದೆ. ಆ ಕಾಯಿಲೆ ಔಷಧಿಯ ಹಂಗಿಲ್ಲದೆಯೇ ಕೆಲವು ಬಗೆಯ ಅಂಡಾಶಯದ ಕ್ಯಾನ್ಸರುಗಳ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದು ಬೇರೆ ಅಧ್ಯಯನಗಳಿಂದ ತಿಳಿದಿರುವ ಸಂಗತಿ. 1971ರ ಊಹೆಯೂ ಈಚೆಗೆ ಸಡಿಲಾಗಿದೆ. ಅಂಡಾಶಯದ ಕ್ಯಾನ್ಸರುಗಳಲ್ಲಿ ಅತಿ ಸಾಮಾನ್ಯವಾದ ಮತ್ತು ಅತಿ ಮಾರಕವಾದ ಬಗೆ ಹೆಚ್ಚಾಗಿ ಅಂಡನಾಳದ ತುದಿಯಲ್ಲಿ ಹುಟ್ಟಿ ಅಂಡಾಶಯಕ್ಕೆ ಬರುತ್ತದೆ ಎಂಬುದು ಈಗ ಬಹುಮಟ್ಟಿಗೆ ಒಪ್ಪಿತವಾಗಿದೆ.

ಏರಿಕೆಯ ಅಷ್ಟೂ ಪಾಲನ್ನು ಔಷಧಿಯ ತಲೆಗೇ ಕಟ್ಟಿದರೂ ಅದರ ಗಾತ್ರ ಎಷ್ಟೆಂದು ಅದೇ ಅಧ್ಯಯನದಿಂದ ಲೆಕ್ಕ ಹಾಕಬಹುದು. 10,000 ಮಹಿಳೆಯರನ್ನು 10 ವರ್ಷ ನೋಡಿದರೆ ಸುಮಾರು 13 ಗಡ್ಡೆಗಳು ಕಾಣಬೇಕಾದಲ್ಲಿ 18 ಕಾಣುತ್ತವೆ. ಉಳಿದ 9,982 ಮಂದಿಗೆ ಅದು ಬರುವುದಿಲ್ಲ. '39 ಶೇಕಡಾ ಹೆಚ್ಚಳ' ಎಂಬುದೂ 'ಹತ್ತು ಸಾವಿರಕ್ಕೆ ಐದು' ಎಂಬುದೂ ಒಂದೇ ಸಂಗತಿ; ಸುದ್ದಿಯ ತಲೆಬರಹಕ್ಕೆ ಹೋಗುವುದು ಮಾತ್ರ ಮೊದಲನೆಯದು.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. 37 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2019ರ ವಿಮರ್ಶೆ, ವೈದ್ಯಕೀಯ ಪುರಾವೆಗಳನ್ನು ತೂಗುವ ಕಾಕ್ರೇನ್ ಸಂಸ್ಥೆಯದು, ಔಷಧಿ ಪಡೆದವರಲ್ಲಿ ಅಪಾಯ ಸ್ವಲ್ಪ ಹೆಚ್ಚಿರಬಹುದು, ಅದರಲ್ಲೂ ಹೆರಿಗೆಯಾಗದವರಲ್ಲಿ ಎಂದು ಹೇಳಿದೆ. ಅದೇ ಉಸಿರಿನಲ್ಲಿ ಈ ಪುರಾವೆಯ ವಿಶ್ವಾಸಾರ್ಹತೆ ತೀರ ಕೆಳಮಟ್ಟದ್ದು ಎಂದೂ ಬರೆದಿದೆ. ಡಚ್ ಅಧ್ಯಯನದ ಮಹಿಳೆಯರು ಕೊನೆಯಲ್ಲಿ ತಲುಪಿದ್ದು ಸುಮಾರು 56ರ ವಯಸ್ಸನ್ನು, ಈ ಕ್ಯಾನ್ಸರ್ ಹೆಚ್ಚಾಗಿ ಕಾಣುವುದು ಅದರ ನಂತರ. ಆದ್ದರಿಂದ 'ಅಪಾಯ ಶೂನ್ಯ' ಎಂದು ಯಾರಾದರೂ ಭರವಸೆ ಕೊಟ್ಟರೆ ಅವರು ಪುರಾವೆಯನ್ನು ಮೀರಿ ಮಾತನಾಡುತ್ತಿದ್ದಾರೆ. ಅಪಾಯ ಇದ್ದರೂ ಅದು ಚಿಕ್ಕದು, ಅದರ ಬಹುಪಾಲು ಔಷಧಿಗಿಂತ ಮೂಲ ಕಾಯಿಲೆಗೆ ಸೇರಿದ್ದು ಎನ್ನುವವರೆಗೆ ಹೇಳಬಹುದು.

ಬಾರ್ಡರ್‌ಲೈನ್ ಗಡ್ಡೆಗಳ ವಿಷಯದಲ್ಲಿ ಸಂಶಯ ಪೂರ್ತಿ ಹೋಗಿಲ್ಲ. ಡಚ್ ಅಧ್ಯಯನದಲ್ಲಿ ಐವಿಎಫ್ ಪಡೆದವರಲ್ಲಿ ಇವು ಪಡೆಯದವರಿಗಿಂತ ಸುಮಾರು 1.8 ಪಟ್ಟು ಇದ್ದವು. ಆದರೆ ಸೈಕಲ್ ಹೆಚ್ಚಿದಂತೆ ಅಪಾಯ ಏರಲಿಲ್ಲ, ಕಾಲ ಕಳೆದಂತೆಯೂ ಏರಲಿಲ್ಲ. ಚಿಕಿತ್ಸೆಯ ಸಮಯದಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡುವುದರಿಂದ ಬೇರೆಯವರಲ್ಲಿ ಕಣ್ಣಿಗೆ ಬೀಳದ ಗಡ್ಡೆ ಇವರಲ್ಲಿ ಬೀಳುತ್ತದೆ ಎಂಬುದೂ ಒಂದು ಕಾರಣವಿರಬಹುದು. ನಲವತ್ತು ಸಾವಿರ ಮಹಿಳೆಯರಲ್ಲಿ 24 ವರ್ಷಗಳಲ್ಲಿ ಇಂಥವು ಒಟ್ಟು 100 ಮಾತ್ರ ಕಂಡವು, ಮತ್ತು ಬೇಗ ಸಿಕ್ಕರೆ ಇವು ಹೆಚ್ಚಿನವರಲ್ಲಿ ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗುತ್ತವೆ.

ದಾರಿಗಳನ್ನು ಒಂದೊಂದಾಗಿ

ಕ್ಲೋಮಿಫೀನ್ ಹಳೆಯದು, ಅಗ್ಗದ್ದು, ಅದರ ಬಗ್ಗೆ ದಶಕಗಳ ದಾಖಲೆ ಇದೆ. ಮುಟ್ಟಿನ ಆರಂಭದ ದಿನಗಳಿಂದ ಐದು ದಿನ, ಸಾಮಾನ್ಯವಾಗಿ ದಿನಕ್ಕೆ 50 ಮಿಲಿಗ್ರಾಂನಿಂದ ಶುರುಮಾಡುತ್ತಾರೆ. ಆರು ಸೈಕಲ್‌ನ ಮಿತಿಯೊಳಗೆ ಇದರಿಂದ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ಒಪ್ಪುವಂಥ ಪುರಾವೆಯಿಲ್ಲ. ಇದರ ನಿಜವಾದ ಸಮಸ್ಯೆ ಬೇರೆ. ಸ್ಕ್ಯಾನ್ ಇಲ್ಲದೆ, ಅಂಡೋತ್ಪತ್ತಿ ಆಗುತ್ತಿದೆಯೇ ಎಂದು ನೋಡದೆ, ತಿಂಗಳಾನುಗಟ್ಟಲೆ ವೈದ್ಯರ ಅದೇ ಚೀಟಿಯನ್ನು ಮುಂದುವರಿಸುವ ರೂಢಿ ಅದನ್ನು ಸುತ್ತುವರಿದಿದೆ. ಸಿಯಾಟಲ್ ಅಧ್ಯಯನ ಎಚ್ಚರಿಸಿದ್ದು ಇಂಥ ಬಳಕೆಯನ್ನೇ.

ಅಂಡೋತ್ಪತ್ತಿಗೆ ಕೊಡುವ ಇನ್ನೊಂದು ಮಾತ್ರೆಯಾದ ಲೆಟ್ರೋಜೋಲ್ ದೇಹದಿಂದ ಬೇಗ ಹೊರಹೋಗುತ್ತದೆ, ಈಸ್ಟ್ರೋಜೆನ್ ಮಟ್ಟವನ್ನು ತಗ್ಗಿಸಿ ಕೆಲಸ ಮಾಡುತ್ತದೆ. ಅಂಡೋತ್ಪತ್ತಿ ಏರುಪೇರಾಗುವ ಪಿಸಿಒಎಸ್ ಸಮಸ್ಯೆ ಇರುವವರಲ್ಲಿ 2014ರ ದೊಡ್ಡ ಪ್ರಯೋಗವೊಂದರಲ್ಲಿ ಲೆಟ್ರೋಜೋಲ್ ಪಡೆದವರಲ್ಲಿ ಶೇ 27.5 ಮಂದಿ ಮಗುವನ್ನು ಹೆತ್ತರು, ಕ್ಲೋಮಿಫೀನ್ ಪಡೆದವರಲ್ಲಿ ಶೇ 19.1. ಕಡಿಮೆ ಸೈಕಲ್‌ಗಳಲ್ಲಿ ಕೆಲಸ ಮುಗಿಯುವ ಸಂಭವ ಹೆಚ್ಚು ಎಂಬುದು ಕ್ಯಾನ್ಸರಿನ ಲೆಕ್ಕದಲ್ಲೂ ಇದರ ಪರವಾಗಿದೆ. ಆದರೆ ಇದನ್ನು ಈ ಉದ್ದೇಶಕ್ಕೆ ಬಳಸುತ್ತಿರುವುದು ಕ್ಲೋಮಿಫೀನ್‌ಗಿಂತ ಬಹಳ ತಡವಾಗಿ, ಹಾಗಾಗಿ ಮೂವತ್ತು ನಲವತ್ತು ವರ್ಷಗಳ ಹಿಂಬಾಲಿಕೆ ಇನ್ನೂ ಇಲ್ಲ. ಅಪಾಯ ಕಂಡಿಲ್ಲ ಎನ್ನಬಹುದು, ಅಷ್ಟೇ ದೀರ್ಘವಾಗಿ ನೋಡಿದ್ದೇವೆ ಎನ್ನಲಾಗದು.

ಗೊನಾಡೋಟ್ರೋಪಿನ್ ಚುಚ್ಚುಮದ್ದಿನೊಂದಿಗೆ ಐಯುಐ, ಅಂದರೆ ವೀರ್ಯವನ್ನು ನೇರವಾಗಿ ಗರ್ಭಕೋಶದೊಳಗೆ ಬಿಡುವ ಚಿಕಿತ್ಸೆ, ಮಾಡಿಸುವ ದಾರಿಯಲ್ಲಿ ಕ್ಯಾನ್ಸರಿಗಿಂತ ಮೊದಲು ಯೋಚಿಸಬೇಕಾದದ್ದು ಅವಳಿ ತ್ರಿವಳಿಗಳ ಬಗ್ಗೆ. ಕಾರಣ ತಿಳಿಯದ ಸಂತಾನಹೀನತೆಯ ಕುರಿತ 2015ರ ಪ್ರಯೋಗವೊಂದರಲ್ಲಿ ಈ ಚುಚ್ಚುಮದ್ದು ಪಡೆದು ಬಸಿರಾದವರಲ್ಲಿ ಸುಮಾರು ಮೂರನೇ ಒಂದು ಭಾಗದವರದು ಒಂದಕ್ಕಿಂತ ಹೆಚ್ಚು ಶಿಶುಗಳ ಗರ್ಭವಾಗಿತ್ತು. ಅವಧಿಗೆ ಮುನ್ನದ ಹೆರಿಗೆಯ ಅಪಾಯ ಇಲ್ಲಿ ಕೈಗೆ ಸಿಗುವಷ್ಟು ಹತ್ತಿರ. ಕ್ಯಾನ್ಸರಿನದು ಬಹು ದೂರ.

ಐವಿಎಫ್‌ನಲ್ಲಿ ಔಷಧಿಯ ಪ್ರಮಾಣ ಒಂದೊಂದು ಸೈಕಲ್‌ಗೆ ಹೆಚ್ಚು, ಆದರೆ ಸೈಕಲ್‌ಗಳ ಸಂಖ್ಯೆ ಕಡಿಮೆ. ಒಮ್ಮೆ ತೆಗೆದ ಅಂಡಾಣುಗಳಿಂದ ಆದ ಭ್ರೂಣಗಳನ್ನು ಶೈತ್ಯೀಕರಿಸಿಟ್ಟರೆ ಮುಂದಿನ ಪ್ರಯತ್ನಗಳಿಗೆ ಮತ್ತೆ ಅಂಡಾಶಯವನ್ನು ಪ್ರಚೋದಿಸಬೇಕಿಲ್ಲ. ಭಯವಿರುವವರು ಈ ಅಂಶವನ್ನು ಗಮನಿಸಬೇಕು. ಇಲ್ಲಿಯ ತತ್‌ಕ್ಷಣದ ಅಪಾಯವೆಂದರೆ ಅಂಡಾಶಯ ಅತಿಯಾಗಿ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುವುದು, ಅದರ ಸಂಭವ ಪಿಸಿಒಎಸ್ ಇರುವವರಲ್ಲಿ ಹೆಚ್ಚು.

ಔಷಧಿಯೇ ಬೇಡ ಎನ್ನುವುದೂ ಒಂದು ದಾರಿ. ವಯಸ್ಸು ಕಡಿಮೆಯಿದ್ದು, ಅಂಡೋತ್ಪತ್ತಿ ಸರಿಯಾಗಿದ್ದು, ಪ್ರಯತ್ನ ಶುರುವಾಗಿ ಹೆಚ್ಚು ಕಾಲವಾಗಿರದಿದ್ದರೆ ಕಾಯುವುದು ವಿವೇಕವೇ. ಆದರೆ ಕೇವಲ ಕ್ಯಾನ್ಸರಿನ ಭಯದಿಂದ ಬಿಟ್ಟುಬಿಡುವವರು ಒಂದು ವಿಪರ್ಯಾಸವನ್ನು ತಿಳಿದಿರಬೇಕು. ಹೆರಿಗೆ ಈ ಕ್ಯಾನ್ಸರಿನ ವಿರುದ್ಧ ರಕ್ಷಣೆ ಕೊಡುತ್ತದೆ, ಎಂದೂ ಹೆರದಿರುವುದು ಅಪಾಯವನ್ನು ಹೆಚ್ಚಿಸುತ್ತದೆ. ಔಷಧಿ ಬಿಟ್ಟ ಮಾತ್ರಕ್ಕೆ ಮೂಲ ಅಪಾಯ ಬಿಟ್ಟುಹೋಗುವುದಿಲ್ಲ.

ಒಂದು ಉದಾಹರಣೆಯ ಲೆಕ್ಕ

34 ವರ್ಷದ ಮಹಿಳೆಯೊಬ್ಬರನ್ನು ಊಹಿಸಿಕೊಳ್ಳಿ. ಪಿಸಿಒಎಸ್ ಇದೆ, ಮುಟ್ಟು ಎರಡು ತಿಂಗಳಿಗೊಮ್ಮೆ. ಗಂಡನ ವೀರ್ಯ ಪರೀಕ್ಷೆ ಸಹಜ. ಐದು ಸೈಕಲ್ ಕ್ಲೋಮಿಫೀನ್ ಆಗಿದೆ, ಎರಡರಲ್ಲಿ ಮಾತ್ರ ಅಂಡೋತ್ಪತ್ತಿ ಕಂಡಿದೆ. ತಾಯಿಯ ತಂಗಿಗೆ 61ರಲ್ಲಿ ಅಂಡಾಶಯದ ಕ್ಯಾನ್ಸರ್ ಬಂದಿತ್ತು, ಆದ್ದರಿಂದ ಮಾಹಿತಿ ಚೀಟಿಯ ಆ ಸಾಲು ಆಕೆಯ ನಿದ್ದೆ ಕೆಡಿಸಿದೆ.

ಇಲ್ಲಿ ಮೊದಲ ಪ್ರಶ್ನೆ ಔಷಧಿಯದಲ್ಲ, ಚಿಕ್ಕಮ್ಮನದು. ಆಕೆಗೆ ಬಿಆರ್‌ಸಿಎ ಜೀನ್ ಪರೀಕ್ಷೆ ಆಗಿದೆಯೇ? ಆ ಜೀನ್‌ನಲ್ಲಿ ದೋಷವಿದ್ದರೆ ಜೀವಮಾನದ ಅಪಾಯ ಸಾಮಾನ್ಯ ಮಹಿಳೆಯ ಒಂದೂಕಾಲು ಶೇಕಡಾದಿಂದ ನೇರವಾಗಿ ಮೇಲೇರುತ್ತದೆ, ಬಿಆರ್‌ಸಿಎ1ರಲ್ಲಿ ಸುಮಾರು 40 ಶೇಕಡಾದವರೆಗೆ. ಈ ಎತ್ತರದ ಮುಂದೆ ಐದು ಸೈಕಲ್ ಮಾತ್ರೆಯ ಚರ್ಚೆ ಸಣ್ಣದು. ಚಿಕ್ಕಮ್ಮ ಬದುಕಿದ್ದರೆ ಮೊದಲು ಅವರ ಪರೀಕ್ಷೆಯಾಗಬೇಕು, ಇಲ್ಲದಿದ್ದರೆ ಈಕೆಯ ತಾಯಿಯದು ಅಥವಾ ಈಕೆಯದೇ. ದೋಷ ಕಂಡರೆ ಲೆಕ್ಕಾಚಾರ ಬದಲಾಗುತ್ತದೆ. ಬಿಆರ್‌ಸಿಎ1 ಇರುವವರಿಗೆ 35ರಿಂದ 40ರೊಳಗೆ ಅಂಡನಾಳ ಮತ್ತು ಅಂಡಾಶಯ ತೆಗೆಸಲು ಸಲಹೆ ಕೊಡುತ್ತಾರೆ, ಆದ್ದರಿಂದ ಮಗು ಬೇಕಿದ್ದರೆ ತಡಮಾಡದೆ ಐವಿಎಫ್ ಕಡೆಗೆ ಹೋಗುವುದು ಸರಿ. ಅಂಥವರಲ್ಲಿ ಐವಿಎಫ್ ಅಪಾಯ ಹೆಚ್ಚಿಸಿದ್ದು ಇದುವರೆಗಿನ ಅಧ್ಯಯನಗಳಲ್ಲಿ ಕಂಡಿಲ್ಲ, ಆದರೆ ಆ ಅಧ್ಯಯನಗಳು ಚಿಕ್ಕವು.

ದೋಷವಿಲ್ಲ ಎಂದಾದರೆ, ಆರನೆಯ ಸೈಕಲ್ ಕ್ಲೋಮಿಫೀನ್‌ಗೆ ಅರ್ಥವಿಲ್ಲ. ಕ್ಯಾನ್ಸರ್ ಬರುತ್ತದೆ ಎಂದಲ್ಲ. ಐದರಲ್ಲಿ ಮೂರು ಸಲ ಅಂಡಾಣುವನ್ನೇ ಹೊರತರದ ಔಷಧಿ ಆರನೆಯ ಸಲ ಪವಾಡ ಮಾಡುವ ಸಂಭವ ಕಡಿಮೆ. ನಾನಾದರೆ ಸ್ಕ್ಯಾನ್ ಮೇಲ್ವಿಚಾರಣೆಯಲ್ಲಿ ಮೂರರಿಂದ ಐದು ಸೈಕಲ್ ಲೆಟ್ರೋಜೋಲ್ ಕೇಳುತ್ತಿದ್ದೆ, ಅದೂ ಫಲಿಸದಿದ್ದರೆ ಐಯುಐನಲ್ಲಿ ಹೆಚ್ಚು ಕಾಲ ಕಳೆಯದೆ ಐವಿಎಫ್. ಇದೇ ಮಹಿಳೆಗೆ ಪಿಸಿಒಎಸ್ ಬದಲು ಎಂಡೊಮೆಟ್ರಿಯೋಸಿಸ್ ಇದ್ದಿದ್ದರೆ ಲೆಟ್ರೋಜೋಲ್ ಹಂತವನ್ನು ಬಿಟ್ಟು ಬೇಗ ಐವಿಎಫ್‌ಗೆ ಹೋಗುವುದರ ಬಗ್ಗೆ ವೈದ್ಯರೊಂದಿಗೆ ಮಾತನಾಡಬೇಕಾಗುತ್ತಿತ್ತು, ಮತ್ತು ಅಂಡಾಶಯದಲ್ಲಿ ಉಳಿದಿರುವ ಸಿಸ್ಟ್ ಅನ್ನು ಮಗುವಾದ ನಂತರವೂ ನೋಡಿಸುತ್ತಿರಬೇಕಾಗುತ್ತಿತ್ತು.

ಯಾವ ದಾರಿ ಹಿಡಿದರೂ ಔಷಧಿ ಶುರುವಾಗುವ ಮುನ್ನ ಯೋನಿಮಾರ್ಗದ ಸ್ಕ್ಯಾನ್ ಒಂದು ಆಗಿರಬೇಕು. ಒಳಗೆ ಗಟ್ಟಿ ಭಾಗವಿರುವ ಅಥವಾ ಅನೇಕ ಗೋಡೆಗಳಿರುವ ಸಿಸ್ಟ್ ಕಂಡರೆ, ಅದು ಏನೆಂದು ತಿಳಿಯುವವರೆಗೆ ಪ್ರಚೋದನೆ ಆರಂಭಿಸಬಾರದು. ಅಂಡಾಶಯದ ಕ್ಯಾನ್ಸರಿನ ಸುಳಿವು ಹುಡುಕುವ ಸಿಎ-125 ರಕ್ತಪರೀಕ್ಷೆಯನ್ನು ಧೈರ್ಯಕ್ಕಾಗಿ ಪದೇ ಪದೇ ಮಾಡಿಸುವುದರಿಂದ ಪ್ರಯೋಜನವಿಲ್ಲ. ಎಂಡೊಮೆಟ್ರಿಯೋಸಿಸ್‌ನಲ್ಲಿಯೂ ಮುಟ್ಟಿನ ಸಮಯದಲ್ಲಿಯೂ ಅದು ಸುಳ್ಳೇ ಏರುತ್ತದೆ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮುಟ್ಟು ನಿಂತ ಮಹಿಳೆಯರ ಮೇಲೆ ನಡೆದ ತಪಾಸಣಾ ಪ್ರಯೋಗದಲ್ಲಿ ಅದು ಸಾವುಗಳನ್ನು ತಗ್ಗಿಸಲಿಲ್ಲ ಎಂದು 2021ರಲ್ಲಿ ತಿಳಿದುಬಂತು.

ಹೊಟ್ಟೆಯುಬ್ಬರದ ಬಗ್ಗೆಯೂ ಗೊಂದಲವಾಗುತ್ತದೆ. ಅಂಡಾಣು ತೆಗೆದ ಬಳಿಕದ ಉಬ್ಬರ ಬಸಿರಾಗದಿದ್ದರೆ ಮುಂದಿನ ಮುಟ್ಟಿನ ಹೊತ್ತಿಗೆ, ಸುಮಾರು ಎರಡು ವಾರಗಳಲ್ಲಿ ಇಳಿಯುತ್ತದೆ. ಆ ದಿನಗಳಲ್ಲಿ ತೂಕ ದಿನಕ್ಕೊಂದು ಕಿಲೋದಂತೆ ಏರಿದರೆ, ಉಸಿರು ಕಟ್ಟಿದರೆ, ಮೂತ್ರ ಕಡಿಮೆಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕ್ಯಾನ್ಸರಿನ ಶಂಕೆಗೆ ಎಡೆಕೊಡುವ ಉಬ್ಬರ ಬೇರೆ ಬಗೆಯದು. ಚಿಕಿತ್ಸೆ ಮುಗಿದು ತಿಂಗಳುಗಳೋ ವರ್ಷಗಳೋ ಆದಮೇಲೆ, ತಿಂಗಳಲ್ಲಿ ಹನ್ನೆರಡಕ್ಕೂ ಹೆಚ್ಚು ದಿನ ಹೊಟ್ಟೆ ಉಬ್ಬಿದಂತಿರುವುದು, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಕೆಳಹೊಟ್ಟೆಯಲ್ಲಿ ನೋವು ನಿಲ್ಲದಿರುವುದು ಅದರ ಲಕ್ಷಣಗಳು. ಆಗ ಸ್ತ್ರೀರೋಗ ತಜ್ಞರ ಬಳಿಗೆ ಹೋಗುವಾಗ ಯಾವ ಔಷಧಿ, ಎಷ್ಟು ಪ್ರಮಾಣ, ಎಷ್ಟು ಸೈಕಲ್, ಆಗಿನ ಸ್ಕ್ಯಾನ್‌ನಲ್ಲಿ ಏನು ಕಂಡಿತ್ತು ಎಂಬುದನ್ನು ಬರೆದಿಟ್ಟ ಹಾಳೆಯನ್ನೂ ಜೊತೆಗೆ ಒಯ್ಯಬೇಕು.